ಗ್ರಾಹಕರೋ, ಫಲಾನುಭವಿಗಳೋ? ಟ್ರಸ್ಟ್‌ನ ವರದಿಯಲ್ಲಿ ಯಾರನ್ನು ಏನೆಂದು ಬರೆಯಬೇಕು

ಪ್ರಶ್ನೆ: "ತುಮಕೂರು ಜಿಲ್ಲೆಯಲ್ಲಿ ನಮ್ಮದೊಂದು ಸಣ್ಣ ಟ್ರಸ್ಟ್ ಇದೆ. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತೇವೆ. ಅವರು ಹೊಲಿದ ಚೀಲಗಳನ್ನು ಮೊಬೈಲ್ ಆ್ಯಪ್‌ನಲ್ಲಿ ಮಾರುತ್ತೇವೆ. ಒಂದು ಗ್ರಂಥಾಲಯ ಇದೆ. ಶನಿವಾರ ವಕೀಲರೊಬ್ಬರು ಬಂದು ಉಚಿತ ಸಲಹೆ ಕೊಡುತ್ತಾರೆ. ವಾರ್ಷಿಕ ವರದಿಯನ್ನು ಮೊದಲು ಇಂಗ್ಲಿಷಿನಲ್ಲಿ ಬರೆದೆವು. ಅದರಲ್ಲಿ ಕಸ್ಟಮರ್, ಕ್ಲೈಂಟ್, ಪೇಟ್ರನ್, ಯೂಸರ್, ಬೆನಿಫಿಷಿಯರಿ ಐದೂ ಇವೆ. ಅನುವಾದ ಮಾಡಿದವರು ಗ್ರಾಹಕ, ಕಕ್ಷಿದಾರ, ಪೋಷಕ, ಬಳಕೆದಾರ, ಫಲಾನುಭವಿ ಎಂದು ಹಾಕಿದ್ದಾರೆ. ಓದಿದರೆ ಏನೋ ಸರಿಯಿಲ್ಲ. ಒಬ್ಬ ಟ್ರಸ್ಟಿ ಎಲ್ಲ ಕಡೆ 'ಫಲಾನುಭವಿ' ಸಾಕು ಅನ್ನುತ್ತಾರೆ. ಇನ್ನೊಬ್ಬರು 'ಗ್ರಾಹಕ' ಅಂದರೆ ಅಂಗಡಿ ಇಟ್ಟ ಹಾಗಾಗುತ್ತೆ, ಬೇಡ ಅನ್ನುತ್ತಾರೆ. ಯಾವುದು ಸರಿ?"

ಉತ್ತರ: ಅನುವಾದಕರು ನಿಘಂಟಿನ ಪ್ರಕಾರವೇ ಹೋಗಿದ್ದಾರೆ, ಆ ಐದು ಜೋಡಿಗಳನ್ನು ಯಾವ ನಿಘಂಟೂ ತಳ್ಳಿಹಾಕುವುದಿಲ್ಲ. ಆದರೂ ಓದುವಾಗ ಮುಜುಗರ ಆಗುವುದಕ್ಕೆ ಕಾರಣವಿದೆ. ಈ ಐದರಲ್ಲಿ ಮೂರು ಪದಗಳನ್ನು ಕನ್ನಡದಲ್ಲಿ ಈಗಾಗಲೇ ಒಂದೊಂದು ಸಂಸ್ಥೆ ತನ್ನದಾಗಿಸಿಕೊಂಡಿದೆ. ಕಕ್ಷಿದಾರ ಎಂದರೆ ಓದುಗನಿಗೆ ಕೋರ್ಟು ಕಾಣುತ್ತದೆ, ಪೋಷಕ ಎಂದರೆ ಶಾಲೆ, ಫಲಾನುಭವಿ ಎಂದರೆ ಸರ್ಕಾರಿ ಯೋಜನೆ. ಇಂಗ್ಲಿಷಿನಲ್ಲಿ ಈ ಪದಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಲೀಸಾಗಿ ಓಡಾಡುತ್ತವೆ. ಕಟ್ಟಡದ ನಕ್ಷೆ ಬರೆಯುವವರಿಗೂ ಆಪ್ತಸಮಾಲೋಚಕರಿಗೂ ವಕೀಲರಿಗೂ ಅಲ್ಲಿ ಇರುವುದು ಒಂದೇ ಕ್ಲೈಂಟ್. ಕನ್ನಡದ ಪದಗಳು ಹುಟ್ಟಿದ ಕಚೇರಿಯ ವಾಸನೆಯನ್ನು ಬಿಟ್ಟುಕೊಟ್ಟಿಲ್ಲ.

ಹಾಗಾಗಿ ಒಂದೊಂದು ಇಂಗ್ಲಿಷ್ ಪದಕ್ಕೆ ಒಂದೊಂದು ಕನ್ನಡ ಪದ ಹುಡುಕುವ ಕೆಲಸವನ್ನು ಬಿಟ್ಟುಬಿಡಿ. ವರದಿಯಲ್ಲಿ ಬರುವ ಪ್ರತಿಯೊಬ್ಬರ ಬಗ್ಗೆಯೂ ಮೂರು ವಿಷಯ ಕೇಳಿಕೊಳ್ಳಿ: ದುಡ್ಡು ಯಾರು ಕೊಡುತ್ತಾರೆ, ಏನು ಬೇಕೆಂದು ಯಾರು ತೀರ್ಮಾನಿಸುತ್ತಾರೆ, ಕೆಲಸ ಕೆಟ್ಟರೆ ಯಾರು ಯಾರನ್ನು ಕೇಳಬಹುದು. ಪದ ಈ ಉತ್ತರಗಳಿಂದ ಹೊರಡಬೇಕು.

ಮೊದಲು ನಿಮ್ಮ ಎರಡನೆಯ ಟ್ರಸ್ಟಿಯ ಅಳುಕನ್ನು ನೋಡೋಣ, ಏಕೆಂದರೆ ಸೇವಾಸಂಸ್ಥೆಗಳಲ್ಲಿ ಅತಿ ಹೆಚ್ಚು ಕೇಳಿಬರುವ ತಪ್ಪು ನಂಬಿಕೆ ಅದೇ. ಗ್ರಾಹಕ ಎಂಬ ಪದದಲ್ಲಿ ಲಾಭಕೋರತನ ಇಲ್ಲ. ಬೆಲೆ ಕೊಟ್ಟು ವಸ್ತುವನ್ನೋ ಸೇವೆಯನ್ನೋ ಪಡೆಯುವವರು ಎಂಬುದಷ್ಟೇ ಅದರ ಅರ್ಥ. ಅಂಗಡಿಯ ವಾಸನೆ ಇರುವುದು ಗಿರಾಕಿಗೆ. ಬೀದಿಯಲ್ಲಿ, ಸಂತೆಯಲ್ಲಿ ಆ ಪದ ಚೆನ್ನಾಗಿಯೇ ಇದೆ. ಬರಹದಲ್ಲಿ ಮಾತ್ರ ಅದು "ಭಾರಿ ಗಿರಾಕಿ ಅವನು" ಎಂಬ ಧಾಟಿಗೆ ಜಾರುತ್ತದೆ, ವರದಿಗೆ ಬೇಡ.

ನಿಮ್ಮ ಚೀಲವನ್ನು ದುಡ್ಡು ಕೊಟ್ಟು ಕೊಳ್ಳುವವರು ಗ್ರಾಹಕರೇ. ಟ್ರಸ್ಟ್ ಲಾಭಕ್ಕಾಗಿ ನಡೆಯುವುದಿಲ್ಲ ಎಂಬ ಕಾರಣಕ್ಕೆ ಅವರ ಸ್ಥಾನ ಬದಲಾಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮಾರುವವರು ಟ್ರಸ್ಟೋ ಕಂಪನಿಯೋ ಎಂದು ನೋಡಿ ಗ್ರಾಹಕರನ್ನು ಗುರುತಿಸುವುದಿಲ್ಲ, ಬೆಲೆ ಕೊಟ್ಟು ಕೊಂಡರೇ ಎಂದು ನೋಡುತ್ತದೆ. ಮರುಮಾರಾಟಕ್ಕೆ ಕೊಳ್ಳುವವರು ಆ ಅರ್ಥದಲ್ಲಿ ಗ್ರಾಹಕರಲ್ಲ. ಆದ್ದರಿಂದ ನಿಮ್ಮಿಂದ 200 ಚೀಲ ಕೊಂಡು ತನ್ನ ಅಂಗಡಿಯಲ್ಲಿ ಮಾರುವವರನ್ನು "ಖರೀದಿದಾರರು" ಅಥವಾ "ಸಗಟು ಖರೀದಿದಾರರು" ಎಂದು ಬೇರೆಯಾಗಿ ಬರೆಯುವುದು ಒಳ್ಳೆಯದು. ಚೀಲದ ಹಿಡಿ ಕಿತ್ತುಬಂದಾಗ ಬದಲಿಸಿಕೊಡುವ ಷರತ್ತು ಇಬ್ಬರಿಗೂ ಒಂದೇ ಇರಬೇಕಿಲ್ಲ, ಪದ ಬೇರೆ ಇದ್ದರೆ ಷರತ್ತನ್ನು ಬರೆಯುವುದೂ ಸುಲಭ.

ಇಲ್ಲಿ ಆಗುವ ನಿಜವಾದ ತಪ್ಪು ಬೇರೆ. ಗ್ರಾಹಕ ಎನ್ನಲು ಸಂಕೋಚವಾಗಿ ಕೆಲವು ಸಂಸ್ಥೆಗಳು ಚೀಲ ಕೊಂಡವರನ್ನು ಪೋಷಕರು, ಹಿತೈಷಿಗಳು ಎಂದು ಬರೆಯುತ್ತವೆ. ಅದೇ ಪದ ರಸೀದಿಗೂ ಹೋಗುತ್ತದೆ. ಆಗ ಕೊಂಡವರಿಗೆ ತಾವು ಕೊಟ್ಟದ್ದು ದೇಣಿಗೆ ಅನ್ನಿಸಿ, ಆದಾಯ ತೆರಿಗೆ ರಿಯಾಯಿತಿಯ ರಸೀದಿ ಕೇಳುತ್ತಾರೆ. ವಸ್ತುವಿನ ಬೆಲೆ ದೇಣಿಗೆಯಲ್ಲ. ಚೀಲ ಕೊಂಡವರಿಗೆ ಬಿಲ್, ಗ್ರಾಹಕ ಎಂಬ ಪದ. ಏನನ್ನೂ ಪಡೆಯದೆ ಕೊಟ್ಟವರಿಗೆ ದೇಣಿಗೆ ರಸೀದಿ, ದಾನಿ ಎಂಬ ಪದ. ಇವೆರಡನ್ನು ಬೆರೆಸಬೇಡಿ.

ಇನ್ನು ಫಲಾನುಭವಿ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು, ಏಕೆಂದರೆ ನಿಮ್ಮ ವರದಿಯಲ್ಲಿ ಹೆಚ್ಚು ಹಾನಿ ಮಾಡುವುದು ಇದೇ.

ಈ ಪದಕ್ಕೆ ಸರ್ಕಾರಿ ಕಡತದಲ್ಲಿ ನಿಖರವಾದ ಕೆಲಸವಿದೆ. ಒಂದು ಯೋಜನೆ ಇರುತ್ತದೆ, ಅದಕ್ಕೆ ಅರ್ಹತೆ ಇರುತ್ತದೆ, ಅರ್ಹರಲ್ಲಿ ಆಯ್ಕೆ ನಡೆಯುತ್ತದೆ. ಹಾಗೆ ಪಟ್ಟಿಯಲ್ಲಿ ಬಂದವರು ಫಲಾನುಭವಿಗಳು. ವಸತಿ ಯೋಜನೆಗೆ ಗ್ರಾಮಸಭೆಯಲ್ಲಿ ಆಗುವುದು "ಫಲಾನುಭವಿಗಳ ಆಯ್ಕೆ". ಅಲ್ಲಿ ಬೇರೆ ಪದ ಹಾಕಿದರೆ ಅದೇ ತಪ್ಪಾಗುತ್ತದೆ. ಗ್ರಾಹಕ ಬೇರೆ, ಫಲಾನುಭವಿ ಬೇರೆ ಎಂಬುದನ್ನು ತಿಳಿಯಲು ಗೃಹಜ್ಯೋತಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಬಾಡಿಗೆ ಮನೆಯೊಂದರ ಕರೆಂಟ್ ಸಂಪರ್ಕ ಮಾಲೀಕರ ಹೆಸರಿನಲ್ಲಿರುತ್ತದೆ. ವಿದ್ಯುತ್ ಕಂಪನಿಯ ದಾಖಲೆಯಲ್ಲಿ ಗ್ರಾಹಕ ಎಂದರೆ ಅವರೇ. ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿ ಯೋಜನೆಗೆ ನೋಂದಾಯಿಸಿಕೊಂಡರೆ ಫಲಾನುಭವಿ ಬಾಡಿಗೆದಾರರು. ಮೀಟರ್ ಒಂದೇ, ಜನ ಇಬ್ಬರು, ಪದ ಎರಡು. ಮೀಟರ್ ಕೆಟ್ಟಿದೆ ಎಂಬ ದೂರಿನಲ್ಲಿ "ಫಲಾನುಭವಿ" ಎಂದು ಬರೆದರೂ, ಯೋಜನೆಯ ಅರ್ಜಿಯಲ್ಲಿ "ಗ್ರಾಹಕ" ಎಂದು ಬರೆದರೂ ಯಾರ ಮಾತು ಎಂಬುದೇ ಗೊಂದಲವಾಗುತ್ತದೆ.

ನಿಮ್ಮ ಹೊಲಿಗೆ ಕೇಂದ್ರಕ್ಕೆ ಬರುವ ಹೆಣ್ಣುಮಕ್ಕಳು ಈ ಅರ್ಥದಲ್ಲಿ ಫಲಾನುಭವಿಗಳಲ್ಲ. ಅವರು ದಿನವೂ ಬಂದು ಕುಳಿತು ಕತ್ತರಿಸಿ, ಹೊಲಿದು, ಬಿಚ್ಚಿ, ಮತ್ತೆ ಹೊಲಿದು ಕಲಿಯುವವರು. ಫಲಾನುಭವಿ ಎಂಬ ಪದದಲ್ಲಿ ಈ ದುಡಿಮೆಗೆ ಜಾಗವೇ ಇಲ್ಲ. ಫಲವನ್ನು ಯಾರೋ ಕೊಟ್ಟರು, ಇವರು ಅನುಭವಿಸಿದರು, ಅಷ್ಟೆ. ಊರಿನಲ್ಲಿ ಇನ್ನೂ ಒಂದು ತೊಂದರೆ ಬರುತ್ತದೆ. ಕರಪತ್ರದಲ್ಲಿ "ಫಲಾನುಭವಿಗಳನ್ನು ಆಯ್ಕೆ ಮಾಡಲಾಗುವುದು" ಎಂದು ಅಚ್ಚಾದರೆ ಜನ ರೇಷನ್ ಕಾರ್ಡ್, ಆಧಾರ್ ಹಿಡಿದು ಬಂದು ಯಾವ ಯೋಜನೆ, ಎಷ್ಟು ಹಣ ಖಾತೆಗೆ ಬೀಳುತ್ತದೆ ಎಂದು ಕೇಳುತ್ತಾರೆ. ಅದು ಅವರ ತಪ್ಪಲ್ಲ, ಪದ ಅವರಿಗೆ ಹೇಳಿದ್ದೇ ಅದು. ಪತ್ರಿಕೆಗಳಲ್ಲಿ "ಈ ಹಗರಣದ ಫಲಾನುಭವಿ ಯಾರು" ಎಂಬ ಬಳಕೆಯೂ ಬೆಳೆದಿರುವುದರಿಂದ ಪದಕ್ಕೆ ಸಣ್ಣ ಕಳಂಕವೂ ಅಂಟಿದೆ.

ಬದಲಿಗೆ ಏನು? "ಶಿಬಿರಾರ್ಥಿಗಳು" ಎಂಬುದು ಹತ್ತು ದಿನದ ಶಿಬಿರಕ್ಕೆ ಸರಿ, ಆರು ತಿಂಗಳ ತರಗತಿಗೆ ಅಷ್ಟು ಹೊಂದುವುದಿಲ್ಲ. "ಪ್ರಶಿಕ್ಷಣಾರ್ಥಿಗಳು" ಸರಿಯಾದ ಪದವೇ, ಆದರೆ ಕಲಿಯುವವರೇ ಅದನ್ನು ಉಚ್ಚರಿಸಲು ತಡವರಿಸಿದರೆ ಏನು ಪ್ರಯೋಜನ? "ಹೊಲಿಗೆ ಕಲಿಯುತ್ತಿರುವವರು" ಎಂದೇ ಬರೆಯಿರಿ. ಪದೇ ಪದೇ ಬರುವ ಕಡೆ "ಕಲಿಯುವವರು" ಸಾಕು. ಒಂದು ಎಚ್ಚರಿಕೆ: ಖಾತೆದಾರ, ಪಾಲುದಾರ ಎಂದಂತೆ ತರಬೇತಿ ಪಡೆಯುವವರು "ತರಬೇತುದಾರರು" ಎಂದುಕೊಂಡು ಬರೆಯುವವರಿದ್ದಾರೆ. ತರಬೇತುದಾರರು ಎಂದರೆ ತರಬೇತಿ ಕೊಡುವವರು. "ಈ ವರ್ಷ 45 ತರಬೇತುದಾರರು ನಮ್ಮಲ್ಲಿ ಸೇರಿದರು" ಎಂದು ಅಚ್ಚಾದರೆ ಓದುಗರು 45 ಶಿಕ್ಷಕಿಯರನ್ನು ಕಲ್ಪಿಸಿಕೊಳ್ಳುತ್ತಾರೆ. ಕಲಿತು ಮುಗಿಸಿ ಈಗ ಚೀಲ ಹೊಲಿದು ಸಂಪಾದಿಸುತ್ತಿರುವವರನ್ನು ಮತ್ತೂ ಬೇರೆ ಮಾಡಿ, "ಹೊಲಿಗೆಗಾರ್ತಿಯರು" ಎನ್ನಿ. ಅವರಿಗೂ ಟ್ರಸ್ಟ್‌ಗೂ ಇರುವುದು ಕೂಲಿಯ ಲೆಕ್ಕ. ಅವರನ್ನು ಫಲಾನುಭವಿ ಎಂದು ಕರೆದರೆ ಆ ಲೆಕ್ಕವೇ ಮರೆಯಾಗುತ್ತದೆ, ಅದು ಅವರಿಗೆ ಅನ್ಯಾಯ.

ಹಾಗೆಂದು ಪದವನ್ನು ಪೂರ್ತಿ ಕಿತ್ತುಹಾಕಲೂ ಆಗುವುದಿಲ್ಲ. ಸರ್ಕಾರದ ಯಾವುದಾದರೂ ಯೋಜನೆಯಡಿ ನಿಮ್ಮ ಕೇಂದ್ರದ ಮೂಲಕ ಹೊಲಿಗೆ ಯಂತ್ರ ವಿತರಣೆಯಾಗಿದ್ದರೆ ಅದನ್ನು ಪಡೆದವರು ಆ ಯೋಜನೆಯ ಫಲಾನುಭವಿಗಳು. ಕಂಪನಿಯೊಂದು ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಹಣ ಕೊಟ್ಟು, ತನ್ನ ನಮೂನೆಯಲ್ಲಿ "ಫಲಾನುಭವಿಗಳ ಸಂಖ್ಯೆ" ಎಂಬ ಕಾಲಂ ಇಟ್ಟಿದ್ದರೆ ಆ ಕೋಷ್ಟಕದಲ್ಲಿ ಅದೇ ಪದ ಇರಲಿ. ಲೆಕ್ಕ ತಾಳೆ ನೋಡುವವರಿಗೆ ಪದ ಬದಲಾದರೆ ಸಂಖ್ಯೆಯ ಮೇಲೂ ಅನುಮಾನ ಬರುತ್ತದೆ. ಕೋಷ್ಟಕದಲ್ಲಿ ಫಲಾನುಭವಿ, ಅದರ ಕೆಳಗಿನ ವಿವರಣೆಯಲ್ಲಿ "ಹೊಲಿಗೆ ಕಲಿತ 45 ಮಂದಿ". ಈ ಹೊಂದಾಣಿಕೆ ಸಾಮಾನ್ಯವಾಗಿ ಇಬ್ಬರಿಗೂ ಒಪ್ಪಿಗೆಯಾಗುತ್ತದೆ.

ನಿಮ್ಮ ದೇಣಿಗೆ ಪುಟವನ್ನೂ ಒಮ್ಮೆ ತೆರೆದು ನೋಡಿ. ಬ್ಯಾಂಕಿನ ಹಣ ವರ್ಗಾವಣೆಯ ನಮೂನೆಯಲ್ಲಿ ಬೆನಿಫಿಷಿಯರಿ ಎಂದರೆ ಹಣ ಜಮಾ ಆಗುವ ಖಾತೆಯವರು. ದಾನಿ ನಿಮಗೆ ಹಣ ಕಳಿಸುವಾಗ ಬೆನಿಫಿಷಿಯರಿ ನಿಮ್ಮ ಟ್ರಸ್ಟೇ. ಇದನ್ನು "ಫಲಾನುಭವಿಯ ಹೆಸರು" ಎಂದು ಕನ್ನಡಕ್ಕೆ ತಂದರೆ ದಾನಿಗೆ ತನ್ನ ಹಣ ಯಾವ ಹುಡುಗಿಗೆ ಹೋಗಬೇಕು ಎಂದು ಕೇಳಿದಂತೆ ಕಾಣುತ್ತದೆ. "ಖಾತೆಯ ಹೆಸರು" ಎಂದು ಬರೆದರೆ ಮುಗಿಯಿತು.

ಶನಿವಾರದ ವಕೀಲರ ವಿಷಯಕ್ಕೆ ಬರೋಣ. ಕಕ್ಷಿ ಎಂದರೆ ವ್ಯಾಜ್ಯದ ಒಂದು ಕಡೆಯವರು. ಎದುರು ಕಕ್ಷಿ ಎನ್ನುವುದು ಅದಕ್ಕೇ. ವಕಾಲತ್ತಿಗೆ ಸಹಿ ಹಾಕಿ ವಕೀಲರನ್ನು ನೇಮಿಸಿಕೊಂಡವರು ಕಕ್ಷಿದಾರರು, ಅನುಮಾನವಿಲ್ಲ. ಆದರೆ ಪಿಂಚಣಿ ಏಕೆ ನಿಂತಿದೆ, ಖಾತೆ ಬದಲಾವಣೆಗೆ ಯಾವ ಕಾಗದ ಬೇಕು ಎಂದು ಕೇಳಲು ಬಂದ ಹೆಂಗಸು ಯಾರ ಮೇಲೂ ದಾವೆ ಹೂಡಿಲ್ಲ. "ಈ ವರ್ಷ 310 ಕಕ್ಷಿದಾರರು" ಎಂದು ಬರೆದರೆ ನಿಮ್ಮ ಟ್ರಸ್ಟ್ ಊರಿನಲ್ಲಿ 310 ಕೇಸು ನಡೆಸುತ್ತಿದೆ ಎಂದೇ ಅರ್ಥವಾಗುತ್ತದೆ, ಆಕೆಯ ಮನೆಯಲ್ಲಿ ಯಾರಾದರೂ ಓದಿದರೆ ಅನಗತ್ಯ ಪ್ರಶ್ನೆಗಳೂ ಏಳುತ್ತವೆ. "ಕಾನೂನು ಸಲಹೆ ಪಡೆದವರು 310 ಮಂದಿ, ಅವರಲ್ಲಿ 12 ಮಂದಿಯ ಪರವಾಗಿ ವಕಾಲತ್ತು ಸಲ್ಲಿಸಲಾಗಿದೆ" ಎಂಬ ರೀತಿಯಲ್ಲಿ ಬೇರೆ ಮಾಡಿ ತೋರಿಸಿ. ಇಲ್ಲಿರುವ ಸಂಖ್ಯೆಗಳು ನಾನು ಮಾದರಿಗಾಗಿ ಹಾಕಿದವು.

ಕಕ್ಷಿದಾರ ಬೇಡವೆಂದು ಅಲ್ಲಿ ಗ್ರಾಹಕ ಹಾಕಿದರೆ ಅದೂ ತಪ್ಪು. ವಕೀಲರ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ಅದಕ್ಕೆ ಕೊಟ್ಟ ಕಾರಣ ಪದದ ಅರ್ಥಕ್ಕೂ ಬೆಳಕು ಚೆಲ್ಲುತ್ತದೆ: ವಕೀಲರು ಹೇಗೆ ನಡೆದುಕೊಳ್ಳಬೇಕು ಎಂಬುದರ ಮೇಲೆ ಕಕ್ಷಿದಾರರಿಗೆ ನೇರವಾದ ಹಿಡಿತ ಇರುತ್ತದೆ. ಗ್ರಾಹಕರಿಗೆ ಅಂಗಡಿಯವರ ಮೇಲೆ ಅಂಥ ಹಿಡಿತವಿಲ್ಲ, ಇಷ್ಟವಾದರೆ ಕೊಳ್ಳಬಹುದು, ಇಲ್ಲದಿದ್ದರೆ ಬಿಡಬಹುದು.

ವೈದ್ಯರ ವಿಷಯದಲ್ಲಿ ಇದೇ ನ್ಯಾಯಾಲಯ 1995ರಲ್ಲಿ, ಆಗ ಇದ್ದ 1986ರ ಗ್ರಾಹಕ ಕಾಯ್ದೆಯಡಿ, ಬೇರೆ ತೀರ್ಮಾನಕ್ಕೆ ಬಂದಿತ್ತು. ಶುಲ್ಕ ಪಡೆಯುವ ಚಿಕಿತ್ಸೆ ಕಾಯ್ದೆಗೆ ಒಳಪಡುತ್ತದೆ, ಎಲ್ಲರಿಗೂ ಪೂರ್ತಿ ಉಚಿತವಾಗಿ ಕೊಡುವ ಚಿಕಿತ್ಸೆ ಒಳಪಡುವುದಿಲ್ಲ. ಆದರೆ ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಆಸ್ಪತ್ರೆಯಲ್ಲಿ ಉಚಿತವಾಗಿ ಪಡೆದವರಿಗೂ ದೂರುವ ಹಕ್ಕುಂಟು. ಕಾಯ್ದೆಯಲ್ಲಿ ಗ್ರಾಹಕ ಎಂಬುದರ ಅರ್ಥವಿವರಣೆಯೊಳಗೇ "ಆ ಸೇವೆಯ ಪ್ರಯೋಜನ ಪಡೆಯುವವರು" ಸೇರಿದ್ದಾರೆ. ಅಂದರೆ ಫಲಾನುಭವಿ ಎಂದು ಬರೆದ ಮಾತ್ರಕ್ಕೆ ಹೊಣೆ ಕಡಿಮೆಯಾಗುತ್ತದೆ ಎಂದು ಯಾವ ಟ್ರಸ್ಟಿಯೂ ಭಾವಿಸಬಾರದು. ಮುಂದೆ ನೀವು ಕಣ್ಣಿನ ತಪಾಸಣೆಯಂಥದ್ದು ಆರಂಭಿಸಿದರೆ ಇದನ್ನು ನೆನಪಿಡಿ. ಬರೆಯುವ ಪದವಂತೂ ಅಲ್ಲಿ "ರೋಗಿಗಳು" ಅಥವಾ "ತಪಾಸಣೆಗೆ ಬಂದವರು".

ಗ್ರಂಥಾಲಯಕ್ಕೆ "ಪೋಷಕ" ಎಂದು ಹಾಕಿರುವುದು ಐದರಲ್ಲಿ ಅತಿ ಸುಲಭವಾಗಿ ತಿದ್ದಬಹುದಾದ ತಪ್ಪು. ಅಮೆರಿಕದ ಗ್ರಂಥಾಲಯಗಳಲ್ಲಿ ಪುಸ್ತಕ ಒಯ್ಯುವವರನ್ನು ಪೇಟ್ರನ್ ಎನ್ನುವ ರೂಢಿಯಿದೆ, ಆ ಪದ ನಿಮ್ಮ ಇಂಗ್ಲಿಷ್ ಕರಡಿಗೂ ಬಂದಿದೆ. ಕನ್ನಡದಲ್ಲಿ ಇಂದು ಪೋಷಕರು ಎಂದರೆ ತಂದೆತಾಯಿ. "ಗ್ರಂಥಾಲಯದ ಪೋಷಕರ ಸಭೆ" ಎಂದು ನೋಟಿಸ್ ಹಾಕಿದರೆ ಶಾಲೆಯ ಮಕ್ಕಳ ಅಪ್ಪ ಅಮ್ಮ ಬಂದು ಕೂರುತ್ತಾರೆ. ಗ್ರಂಥಾಲಯಕ್ಕೆ ನಮ್ಮಲ್ಲಿ ಹಳೆಯ, ಗೌರವದ ಪದವಿದೆ: ಓದುಗರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಎಸ್. ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ನಾಲ್ಕನೆಯದು ಓದುಗನ ಸಮಯ ಉಳಿಸು. ಅವರೂ ಬಳಸಿದ್ದು ಓದುಗ ಎಂಬುದನ್ನೇ. ಚಂದಾ ಕಟ್ಟಿ ಕಾರ್ಡ್ ಪಡೆದವರನ್ನು "ಸದಸ್ಯರು" ಎನ್ನಿ. ಸುಮ್ಮನೆ ಬಂದು ಪತ್ರಿಕೆ ಓದಿ ಹೋಗುವವರು ಓದುಗರು, ಸದಸ್ಯರಲ್ಲ. ಎರಡನ್ನೂ ಬೇರೆ ಬೇರೆ ಎಣಿಸಿದರೆ ವರದಿಗೆ ಬೆಲೆಯೂ ಹೆಚ್ಚು.

ಪೋಷಕ ಎಂಬ ಪದಕ್ಕೆ ಸಂಸ್ಥೆಗಳಲ್ಲಿ ಉಳಿದಿರುವ ಜಾಗ ಒಂದೇ. ಸಂಘಗಳ ಬೈಲಾದಲ್ಲಿ ದೊಡ್ಡ ಮೊತ್ತ ಕೊಟ್ಟವರನ್ನು ಪೋಷಕ ಸದಸ್ಯರು, ಮಹಾಪೋಷಕರು ಎನ್ನುವ ರೂಢಿ ಗಟ್ಟಿಯಾಗಿದೆ. ನಿಮ್ಮಲ್ಲಿ ಅಂಥ ವರ್ಗ ಇದ್ದರೆ ಇಡಿ, ಆದರೆ "ಸದಸ್ಯ" ಎಂಬುದನ್ನು ಬಿಡದೆ ಜೊತೆಗೇ ಬರೆಯಿರಿ. ಅಂಥ ವರ್ಗ ಇಲ್ಲದಿದ್ದರೆ ದಾನಿಗಳು ಸಾಕು.

ಬಳಕೆದಾರರು ಎಂಬ ಪದ ಆ್ಯಪ್‌ಗೆ ಸರಿಹೊಂದುತ್ತದೆ, ಆದರೆ ಎಲ್ಲ ಕಡೆ ಅಲ್ಲ. ಆ್ಯಪ್ ತೆರೆದು ಚೀಲ ನೋಡಿ ಹೋದವರು ಬಳಕೆದಾರರು, ಕೊಂಡ ಮೇಲೆ ಗ್ರಾಹಕರು. ವರದಿಯಲ್ಲಿ "ಬಳಕೆದಾರರು 2,000, ಗ್ರಾಹಕರು 180" ಎಂದು ಬಂದರೆ ಓದುಗರಿಗೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಆ್ಯಪ್‌ನ ಪರದೆಯ ಮೇಲೆ ಮಾತ್ರ ಈ ಎರಡೂ ಪದ ಬೇಡ. "ಬಳಕೆದಾರರು ತಮ್ಮ ವಿಳಾಸವನ್ನು ನಮೂದಿಸತಕ್ಕದ್ದು" ಎಂದರೆ ಯಾರೋ ಮೂರನೆಯವರಿಗೆ ಹೇಳಿದಂತಿರುತ್ತದೆ. "ನಿಮ್ಮ ವಿಳಾಸ ಬರೆಯಿರಿ" ಎನ್ನಿ. ಕನ್ನಡದಲ್ಲಿ "ನೀವು" ಗಂಡು, ಹೆಣ್ಣು, ಹಿರಿಯರು, ಕಿರಿಯರು ಎಲ್ಲರಿಗೂ ಒಪ್ಪುತ್ತದೆ. ಬಳಕೆದಾರನು, ಗ್ರಾಹಕನು ಎಂಬ ಏಕವಚನ ನಿಮ್ಮ ಓದುಗರಲ್ಲಿ ಅರ್ಧದಷ್ಟಿರುವ ಹೆಂಗಸರನ್ನು ಹೊರಗಿಡುತ್ತದೆ. ಷರತ್ತುಗಳ ಪುಟದಲ್ಲೂ "ಗ್ರಾಹಕರು" ಎಂದು ಬಹುವಚನದಲ್ಲೇ ಇರಲಿ.

ಪದ ಸರಿಯಾಯಿತೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಕೇಂದ್ರದ ಬಾಗಿಲಲ್ಲಿ ಕೂರುವವರು ಫೋನಿನಲ್ಲಿ ಒಳಗಿನವರಿಗೆ ಏನು ಹೇಳುತ್ತಾರೆ ಎಂದು ಒಂದು ದಿನ ಕೇಳಿಸಿಕೊಳ್ಳಿ. "ಹೊಲಿಗೆ ಕಲಿಯೋರು ಬಂದಿದ್ದಾರೆ", "ಲಾಯರ್ ಹತ್ತಿರ ಮಾತಾಡೋಕೆ ಬಂದಿದ್ದಾರೆ" ಎಂದಿರುತ್ತದೆ. ಫಲಾನುಭವಿ ಬಂದಿದ್ದಾರೆ ಎಂದು ಯಾರೂ ಹೇಳುವುದಿಲ್ಲ. ಅವರ ಬಾಯಿಯಲ್ಲಿ ಬರುವ ಮಾತನ್ನು ಸ್ವಲ್ಪ ಬರಹಕ್ಕೆ ಹೊಂದಿಸಿದರೆ ನಿಮ್ಮ ಪದ ಸಿಕ್ಕಿತು. ಎರಡನೆಯ ಪರೀಕ್ಷೆಗೆ ಸ್ವಲ್ಪ ಧೈರ್ಯ ಬೇಕು: ಆ ಪದವಿರುವ ವಾಕ್ಯವನ್ನು ಅವರೆದುರಿಗೇ ಗಟ್ಟಿಯಾಗಿ ಓದಿ. ಓದಲು ನಿಮಗೇ ಸಂಕೋಚವಾದರೆ ಪದ ಬದಲಿಸಿ.

ಕೊನೆಯದು ಕಂಪ್ಯೂಟರಿನಲ್ಲಿ ತಿದ್ದುವಾಗಿನ ಮಾತು. ಕಡತದಲ್ಲಿ ಒಂದು ಪದ ಹುಡುಕಿ ಎಲ್ಲ ಕಡೆ ಒಮ್ಮೆಗೇ ಬದಲಿಸುವ ಆಮಿಷಕ್ಕೆ ಬೀಳಬೇಡಿ. ಫಲಾನುಭವಿಯ ಬಹುವಚನ "ಫಲಾನುಭವಿಗಳು", ಸದಸ್ಯನ ಬಹುವಚನ "ಸದಸ್ಯರು". ಕುರುಡಾಗಿ ಬದಲಿಸಿದರೆ "ಸದಸ್ಯಗಳು", "ಸದಸ್ಯಗಳಿಗೆ" ಎಂದು ಅಚ್ಚಾಗುತ್ತದೆ. ಪೋಷಕ ಎಂಬುದನ್ನು ಓದುಗ ಎಂದು ಬದಲಿಸಿದರೆ ಅಡುಗೆಮನೆಯ ವರದಿಯಲ್ಲಿ ಬಂದ "ಪೋಷಕ ಆಹಾರ" ಕೂಡ "ಓದುಗ ಆಹಾರ" ಆಗುತ್ತದೆ. ಒಂದೊಂದೇ ಕಡೆ ನಿಂತು, ಅಲ್ಲಿರುವವರು ಯಾರು ಎಂದು ನೋಡಿ ತಿದ್ದಿ. ಐವತ್ತು ಪುಟದ ವರದಿಗೆ ಒಬ್ಬರಿಗೆ ಒಂದು ಮಧ್ಯಾಹ್ನ ಸಾಕಾಗುತ್ತದೆ. ರಸೀದಿ ಪುಸ್ತಕ ಮತ್ತು ಗ್ರಂಥಾಲಯದ ಕಾರ್ಡನ್ನೂ ಅದೇ ದಿನ ತಿದ್ದಿ ಪ್ರೆಸ್ಸಿಗೆ ಕೊಡಿ, ಇಲ್ಲದಿದ್ದರೆ ಹಳೆಯ ಪದ ಮುಂದಿನ ವರ್ಷದ ವರದಿಗೆ ಅಲ್ಲಿಂದಲೇ ಮರಳಿ ಬರುತ್ತದೆ.